ಗಡಿಯಲ್ಲಿ ಕೂತ ಶನಿ

ಮೊಮ್ಮಗಳಿಗೆ ಬಂದ ಸಂಬಂಧವೊಂದರ ಜಾತಕ ನಮ್ಮ ಊಟದ ಮೇಜಿನ ಮೇಲೆ ಉಪ್ಪಿನಕಾಯಿ ಬಾಟಲಿಯ ಕೆಳಗೆ ಎರಡು ದಿನ ಬಿದ್ದಿತ್ತು. ಈಗಿನ ಜಾತಕಗಳು ಕಂಪ್ಯೂಟರಿನಿಂದ ಬರುತ್ತವಲ್ಲ, ಅಂಥದು. ಬಣ್ಣದ ಚೌಕಗಳು, ಮೂಲೆಯಲ್ಲಿ ಒಬ್ಬ ಗಣಪತಿ. ಗುರುವಿನ ಹೆಸರಿನ ಪಕ್ಕದಲ್ಲಿ ಒಂದು ನಕ್ಷತ್ರದ ಗುರುತು ಹಾಕಿ ಕೆಳಗೆ ದಪ್ಪಕ್ಷರದಲ್ಲಿ ‘ವರ್ಗೋತ್ತಮ’ ಎಂದು ಬರೆದಿದ್ದರು. ಹುಡುಗನ ತಾಯಿ ಫೋನಿನಲ್ಲಿ ಆ ನಕ್ಷತ್ರದ ಬಗ್ಗೆಯೇ ಹೆಚ್ಚು ಮಾತಾಡಿದರು. ವರ್ಗೋತ್ತಮ ಅಂದರೆ ಡಬಲ್ ಸ್ಟ್ರಾಂಗ್ ಅಂತೆ, ಹುಡುಗನಿಗೆ ಇನ್ನು ಯೋಚನೆಯೇ ಇಲ್ಲವಂತೆ. ನಾನು ಹೂಂ ಹೂಂ ಎನ್ನುತ್ತಿದ್ದೆ. ಹೂಂ ಎನ್ನುತ್ತಲೇ ನನ್ನ ಅಂಗಾಲು ತಣ್ಣಗಾಗುತ್ತಿತ್ತು. ಇಷ್ಟು ವಯಸ್ಸಾದರೂ ಆ ಶಬ್ದ ಕಿವಿಗೆ ಬಿದ್ದರೆ ನನಗೆ ಹೀಗೇ ಆಗುತ್ತದೆ. ಮನೆಯವರು ಇದನ್ನು ರಕ್ತದೊತ್ತಡ ಅನ್ನುತ್ತಾರೆ.

ಆ ಶಬ್ದವನ್ನು ನನಗೆ ಕಲಿಸಿದವನು ಕುಮಟೆಯ ಮಾವ. ನನ್ನ ಆಯಿಯ, ಅಂದರೆ ತಾಯಿಯ, ಅಣ್ಣ, ಶಾಲಾ ಮಾಸ್ತರ. ಜ್ಯೋತಿಷ್ಯ ಅವನ ಕಸುಬಲ್ಲ, ಚಟ. ಬೇರೆಯವರು ನಶ್ಯ ಏರಿಸುವಂತೆ ಅವನು ಗ್ರಹಗಳನ್ನು ಏರಿಸುತ್ತಿದ್ದ. ಪುಣೆಯಿಂದ ಬರುವ ಹೊಸ ಪಂಚಾಂಗ ತರಿಸುತ್ತಿದ್ದ, ಅದನ್ನು ಕೊಡೆಯ ಜೊತೆ ಕಂಕುಳಲ್ಲಿ ಇಟ್ಟುಕೊಂಡು ಹೊನ್ನಾವರಕ್ಕೆ, ಅಂದರೆ ನಮ್ಮ ಮನೆಗೆ, ಇದ್ದಿಲ ಬಸ್ಸಿನಲ್ಲಿ ಬರುತ್ತಿದ್ದ. ಯುದ್ಧಕಾಲದ ಬಸ್ಸು, ಪೆಟ್ರೋಲು ಸಿಗದೆ ಬೆನ್ನಿಗೊಂದು ಇದ್ದಿಲ ಒಲೆ ಕಟ್ಟಿಕೊಂಡು ಓಡುತ್ತಿತ್ತು. ಮಾವ ಇಳಿಯುವಾಗ ಅವನ ಮುಖ ನೋಡಿದರೆ ಅವನೇ ಒಲೆಯೊಳಗೆ ಕೂತು ಬಂದವನ ಹಾಗೆ ಕಾಣುತ್ತಿದ್ದ. ಪಂಚಾಂಗ ಮಾತ್ರ ಬೆಳ್ಳಗೆ ಇರುತ್ತಿತ್ತು. ಕೊಡೆಯನ್ನು ಪ್ರತಿಸಲ ನಮ್ಮಲ್ಲೇ ಮರೆತು ಹೋಗುತ್ತಿದ್ದ.

ನನಗೆ ಆಗ ಹನ್ನೆರಡು. ಜಗಲಿಯ ಮೇಲೆ ಸೀಮೆಸುಣ್ಣದಿಂದ ಹನ್ನೆರಡು ಮನೆ ಬರೆದು ಮಾವ ಪಾಠ ಹೇಳಿದ ಮಧ್ಯಾಹ್ನ ನನಗೆ ಚೆನ್ನಾಗಿ ನೆನಪಿದೆ. ಒಂದೊಂದು ರಾಶಿಯೂ ಒಂದು ಮನೆ. ಪ್ರತಿ ಮನೆಯಲ್ಲಿ ಒಂಬತ್ತು ಕೋಣೆ, ಅವೇ ನವಾಂಶ. ಮನೆ ಒಬ್ಬರದಾದರೂ ಕೋಣೆಗಳು ಬೇರೆ ಬೇರೆ ರಾಶಿಯವರ ಹೆಸರಿನಲ್ಲಿರುತ್ತವೆ. ಯಾವ ರಾಶಿಯ ಮನೆಯೋ ಅದೇ ರಾಶಿಯ ಹೆಸರಿನ ಕೋಣೆಯಲ್ಲಿ ಗ್ರಹ ಹೋಗಿ ಕೂತರೆ ಅದು ವರ್ಗೋತ್ತಮ. ಹೊರಗೆ ಕೇಳಿದರೂ ಅದೇ ಹೆಸರು, ಒಳಗೆ ಕೇಳಿದರೂ ಅದೇ ಹೆಸರು. ಮೇಷ, ಕರ್ಕ, ತುಲಾ, ಮಕರ ಎಂಬ ಚರರಾಶಿಗಳಲ್ಲಿ ಆ ಕೋಣೆ ಬಾಗಿಲ ಪಕ್ಕದ ಮೊದಲನೆಯದು. ವೃಷಭ, ಸಿಂಹದಂಥ ಸ್ಥಿರರಾಶಿಗಳಲ್ಲಿ ನಟ್ಟನಡುವಿನ ಐದನೆಯದು. ಮಿಥುನ, ಕನ್ಯಾ, ಧನು, ಮೀನ ಎಂಬ ದ್ವಿಸ್ವಭಾವ ರಾಶಿಗಳಲ್ಲಿ ಹಿತ್ತಲ ಗೋಡೆಗೆ ಹತ್ತಿದ ಕೊನೆಯದು. ಹಾಗೆ ಕೂತ ಗ್ರಹ ಸ್ವಂತ ಮನೆಯಲ್ಲಿ ಇದ್ದಷ್ಟೇ ಫಲ ಕೊಡುತ್ತದೆ ಎಂದು ಮಾವ ಹೇಳಿದ. ನನ್ನ ಜಾತಕದಲ್ಲಿ ಶುಕ್ರ ತುಲೆಯ ಮೊದಲ ಕೋಣೆಯಲ್ಲಿ ವರ್ಗೋತ್ತಮನಾಗಿದ್ದಾನೆ ಎಂದೂ, ಹಾಗಾಗಿ ನಾನು ಮಹಾ ಚೆಲುವೆಯಾಗುತ್ತೇನೆ ಎಂದೂ ಹೇಳಿದ. ನನ್ನನ್ನು ಕಂಡವರಿಗೆ ವರ್ಗೋತ್ತಮದ ಬಲ ಎಷ್ಟೆಂಬುದು ಅಲ್ಲೇ ತಿಳಿದುಹೋಗುತ್ತದೆ.

ಮನೆಯಲ್ಲಿ ನಿಜವಾದ ಚೆಲುವೆ ಗಂಗೆ ಚಿಕ್ಕಮ್ಮ. ನನ್ನ ಚಿಕ್ಕಪ್ಪನ ಹೆಂಡತಿ, ಇಪ್ಪತ್ನಾಲ್ಕು ದಾಟಿರಲಿಲ್ಲ, ಮಕ್ಕಳಾಗಿರಲಿಲ್ಲ. ಅವಳ ಕೂದಲು ಮಣೆಯ ಮೇಲೆ ಕೂತರೆ ನೆಲಕ್ಕೆ ತಾಗುತ್ತಿತ್ತು. ಎಣ್ಣೆ ಹಚ್ಚಿ ಬಾಚುವ ಕೆಲಸ ನನ್ನದು. ನನ್ನ ಎರಡು ಇಲಿಬಾಲಗಳನ್ನು ಹೆಣೆಯುವ ಕೆಲಸ ಅವಳದು. ಈ ವ್ಯಾಪಾರದಲ್ಲಿ ನನಗೆ ನಷ್ಟವೇ, ಆದರೂ ನಾನು ದಿನಾ ಕಾಯುತ್ತಿದ್ದೆ. ಚಿಕ್ಕಪ್ಪ ಬಂದರಿನ ಒಬ್ಬ ಮರದ ವ್ಯಾಪಾರಿಯ ಹತ್ತಿರ ಕಾರಕೂನ. ಮಾತು ಕಡಿಮೆ. ಸಿಟ್ಟು ಬಂದರೆ ಮುಖದಲ್ಲಿ ಕಾಣುತ್ತಿತ್ತು, ಸಂತೋಷವಾದರೂ ಕಾಣುತ್ತಿತ್ತು, ಬಚ್ಚಿಡಲು ಬರುತ್ತಿರಲಿಲ್ಲ. ಮುಂಬಯಿಗೆ ಮಾಲು ಹೋಗುವಾಗ ಲೆಕ್ಕ ಒಪ್ಪಿಸಲು ಅವನೂ ಹೋಗಬೇಕಿತ್ತು. ಮೊದಲೆಲ್ಲ ಉಗಿಬೋಟಿನಲ್ಲಿ ಹೋಗುತ್ತಿದ್ದ. ಸರಕಾರ ಯುದ್ಧಕ್ಕೆ ಹಿಡಿದ ಬೋಟುಗಳು ಯುದ್ಧ ಮುಗಿದರೂ ತಿರುಗಿ ಬಂದಿರಲಿಲ್ಲ. ಹಾಗಾಗಿ ಆ ವರ್ಷ ಮಳೆಗಾಲ ಕಳೆದ ಮೇಲೆ ಮಾಲಿನ ಜೊತೆ ಹಾಯಿಯ ಮಚವೆಯಲ್ಲೇ ಹೋದ.

ಮಚವೆ ರತ್ನಾಗಿರಿಯ ಕಡೆ ಒಡೆಯಿತು ಎಂಬ ಸುದ್ದಿ ಒಂದು ವಾರ ತಡವಾಗಿ ಬಂತು. ಹಲಗೆಗಳು ದಡಕ್ಕೆ ಬಂದವು, ಹೆಣಗಳೂ ಬಂದವು. ವ್ಯಾಪಾರಿಯ ಆಳು ಹೋಗಿ ಎಲ್ಲರ ಗುರುತು ಹಿಡಿದ. ಚಿಕ್ಕಪ್ಪ ಸತ್ತವರಲ್ಲಿ ಇರಲಿಲ್ಲ, ಬದುಕಿದವರಲ್ಲಿಯೂ ಇರಲಿಲ್ಲ.

ಸುದ್ದಿ ಬಂದ ಮರುದಿನ ಮಧ್ಯಾಹ್ನ, ಶರಾವತಿಯಲ್ಲಿ ಇಳಿತದ ಹೊತ್ತು, ನಾನು ಜಗಲಿ ಗುಡಿಸಲು ಹೋದೆ. ಚಿಕ್ಕಪ್ಪ ಸಂಜೆ ಕೂರುವ ಜಾಗದಲ್ಲಿ, ಕಂಬದ ಬುಡಕ್ಕೆ, ಎರಡು ಒದ್ದೆ ಪಾದಗಳ ಗುರುತಿತ್ತು. ಬಿಸಿಲು ಸುಡುತ್ತಿತ್ತು, ಅಂಗಳ ಒಣಗಿತ್ತು. ಮೆಟ್ಟಿಲಿನಿಂದ ಅಲ್ಲಿಗೆ ಬಂದ ಹೆಜ್ಜೆಯಿಲ್ಲ, ಅಲ್ಲಿಂದ ಹೋದ ಹೆಜ್ಜೆಯೂ ಇಲ್ಲ. ಕೂತವನ ಪಾದದ ಹಾಗೆ ಎರಡೂ ಅಕ್ಕಪಕ್ಕ. ನಾನು ಒರೆಸಿ ಸುಮ್ಮನಾದೆ. ಮರುದಿನವೂ ಇಳಿತದ ಹೊತ್ತಿಗೆ ಇತ್ತು. ಮೂರನೆಯ ದಿನ ಚಿಕ್ಕಪ್ಪನ ತಂದೆ, ನನ್ನ ಅಜ್ಜ, ನೋಡಿದ. ಅಜ್ಜ ಬಗ್ಗಿ ಬೆರಳಿನಿಂದ ಮುಟ್ಟಿ ನಾಲಿಗೆಗೆ ಹಚ್ಚಿಕೊಂಡ. ಉಪ್ಪು ಎಂದು ಅವನು ಹೇಳಲಿಲ್ಲ, ಅವನ ಮುಖ ಹೇಳಿತು. ಮುದುಕರಿಗೆ ನೆಲ ಒರೆಸುವ ಹುಡುಗಿಗಿಂತ ಹೆಚ್ಚು ಧೈರ್ಯ ಇರುತ್ತದೆ ಎಂದು ನಾನು ಅಂದುಕೊಂಡಿದ್ದೆ. ಅಜ್ಜ ಆ ಬೆರಳನ್ನು ಪಂಚೆಗೆ ಒರೆಸುತ್ತಲೇ ಒಳಗೆ ಹೋದದ್ದನ್ನು ನೋಡಿದ ಮೇಲೆ ನಾನು ಆ ಕಂಬದ ಹತ್ತಿರ ಹೋಗುವುದನ್ನೇ ಬಿಟ್ಟೆ.

ಸತ್ತ ಮಗ ತರ್ಪಣದ ನೀರು ಕೇಳುತ್ತಿದ್ದಾನೆ ಎಂಬುದು ಅಜ್ಜನಿಗೆ ಖಾತ್ರಿಯಾಯಿತು. ಹೆಣ ಸಿಗದವರಿಗೆ ಮುತ್ತುಗದ ಎಲೆಗಳಿಂದ ಮನುಷ್ಯನ ಆಕಾರ ಮಾಡಿ ಸುಡುವ ಕ್ರಮ ಉಂಟು. ಆದರೆ ಸುಮ್ಮನೆ ಕಾಣೆಯಾದವನಿಗೆ ಹನ್ನೆರಡು ವರ್ಷ ಕಾಯಬೇಕು. ಸತ್ತದ್ದು ನಿಶ್ಚಯವಾದರೆ ಮಾತ್ರ ಕೂಡಲೇ ಮಾಡಬಹುದು. ನಿಶ್ಚಯ ಮಾಡುವವರು ಯಾರು? ಸಮುದ್ರ ಹೇಳಲಿಲ್ಲ, ಹಾಗಾಗಿ ಜಾತಕವನ್ನು ಕೇಳುವುದೆಂದಾಯಿತು. ಇಲ್ಲಿ ಓದುವವರಿಗೆ ಇನ್ನೊಂದು ವಿಷಯ ಹೇಳಬೇಕು. ಆ ಕಾಲದಲ್ಲಿ ನಮ್ಮ ಕೇರಿಯಲ್ಲಿ ಗಂಡ ಸತ್ತವಳ ತಲೆಯನ್ನು ಹತ್ತನೆಯ ದಿನ ಬೋಳಿಸುತ್ತಿದ್ದರು. ಎಲೆಯ ಬೊಂಬೆಗೆ ಬೆಂಕಿ ಬಿದ್ದರೆ ಹತ್ತನೆಯ ದಿನಕ್ಕೆ ಗಂಗೆ ಚಿಕ್ಕಮ್ಮನ ಕೂದಲು ಇರುವುದಿಲ್ಲ. ಇದನ್ನು ಯಾರೂ ಬಾಯಿಬಿಟ್ಟು ಹೇಳಲಿಲ್ಲ. ಅವಳು ಮಾತ್ರ ಆ ವಾರ ತಲೆಗೆ ಎರಡು ಸಲ ಹೆಚ್ಚು ಎಣ್ಣೆ ಹಚ್ಚಿಸಿಕೊಂಡಳು.

ಹೊಳೆಯಾಚೆಯಿಂದ, ಶಿರಾಲಿಯಿಂದ, ಜಾತಕ ನೋಡುವ ಭಟ್ಟರು ಬಂದರು. ತೆಳ್ಳಗಿನ ಮನುಷ್ಯ, ಮಾತಾಡುವಾಗ ಎದುರಿನವರ ಮುಖ ನೋಡುತ್ತಿರಲಿಲ್ಲ, ಅವರ ಹಿಂದೆ ಯಾರೋ ನಿಂತಿದ್ದಾರೆ ಎಂಬಂತೆ ಹೆಗಲಾಚೆ ನೋಡುತ್ತಿದ್ದರು. ಅವರು ನಂಬುತ್ತಿದ್ದುದು ನಮ್ಮ ಕಡೆಯ ಹಳೆಯ ಪಂಚಾಂಗ. ಆಯಿ ಹೆದರಿ ಕುಮಟೆಗೆ ಹೇಳಿಕಳಿಸಿದ್ದರಿಂದ ಮಾವನೂ ಪುಣೆಯ ಪಂಚಾಂಗದೊಂದಿಗೆ ಬಂದು ಇಳಿದ. ಒಂದು ಇಡೀ ಮಧ್ಯಾಹ್ನ ಇಬ್ಬರೂ ಜಗಲಿಯಲ್ಲಿ ಕೂತರು. ಗಂಗೆ ಚಿಕ್ಕಮ್ಮ ನಡುಬಾಗಿಲ ಹಿಂದೆ ನಿಂತಳು. ನಾನು ಅವಳ ಸೆರಗು ಹಿಡಿದು ನಿಂತೆ.

ಚಿಕ್ಕಪ್ಪ ಹುಟ್ಟಿದ್ದು ಹೋಳಿಗೆ ಮುಂಚೆ, ದೀಪ ಹಚ್ಚುವ ಹೊತ್ತಿಗೆ. ಕನ್ಯಾ ಲಗ್ನ, ಲಗ್ನದಲ್ಲೇ ಗುರು. ಲಗ್ನ ಗಟ್ಟಿಯಾಗಿದ್ದರಿಂದ ಆಯುಷ್ಯವನ್ನು ನವಾಂಶದ ಲೆಕ್ಕದಿಂದ ತೆಗೆಯಬೇಕು ಎಂಬುದರಲ್ಲಿ ಇಬ್ಬರಿಗೂ ಒಮ್ಮತವಿತ್ತು. ಆ ಲೆಕ್ಕ ಹೀಗೆ. ಮೇಷದ ಮೊದಲಿನಿಂದ ಗ್ರಹ ಎಷ್ಟು ಕೋಣೆ ದಾಟಿದೆಯೋ ಅಷ್ಟು ವರ್ಷ ಕೊಡುತ್ತದೆ. ಹನ್ನೆರಡು ತುಂಬಿದರೆ ಮತ್ತೆ ಸೊನ್ನೆಯಿಂದ ಶುರು. ಕೋಣೆಯನ್ನು ಅಳೆಯುವುದು ಕಲೆಯಿಂದ, ಒಂದು ಕೋಣೆಗೆ ಇನ್ನೂರು ಕಲೆ, ಇನ್ನೂರು ಕಲೆಗೆ ಒಂದು ವರ್ಷ. ಗ್ರಹ ವರ್ಗೋತ್ತಮವಾಗಿದ್ದರೆ ಅದು ಕೊಟ್ಟದ್ದನ್ನು ಎರಡು ಪಟ್ಟು ಮಾಡಬೇಕು. ಲಗ್ನವೂ ಉಳಿದ ಗ್ರಹಗಳೂ ಸೇರಿ ಚಿಕ್ಕಪ್ಪನಿಗೆ ಕೊಟ್ಟದ್ದು ಮೂವತ್ತೈದೂವರೆಯ ಆಸುಪಾಸು. ಮಚವೆ ಒಡೆದ ದಿನ ಅವನಿಗೆ ಆಗಿದ್ದ ವಯಸ್ಸೂ ಅಷ್ಟೇ. ಬಾಕಿ ಉಳಿದವನು ಶನಿ ಒಬ್ಬ.

ಶನಿ ಗಡಿಯಲ್ಲಿ ಕೂತಿದ್ದ.

ಪುಣೆಯ ಪಂಚಾಂಗದಂತೆ ಅವನು ಮೀನದ ಕೊನೆಯ ಕೋಣೆಯಲ್ಲಿ, ಹಿತ್ತಲ ಗೋಡೆಗೆ ಬೆನ್ನು ಹಚ್ಚಿಕೊಂಡು ಇದ್ದ. ಹಳೆಯ ಪಂಚಾಂಗದಂತೆ ಗೋಡೆ ದಾಟಿ ಮೇಷದ ಮೊದಲ ಕೋಣೆಗೆ ಬಂದು ಹತ್ತೇ ಹತ್ತು ಕಲೆ ಆಗಿತ್ತು. ಮೇಷ ಎಲ್ಲಿ ಶುರುವಾಗುತ್ತದೆ ಎಂಬುದರಲ್ಲೇ ಎರಡು ಪಂಚಾಂಗಗಳಿಗೆ ಹೊಂದಾಣಿಕೆ ಇರಲಿಲ್ಲ. ತಮಾಷೆ ನೋಡಿ, ಮೀನದ ಕೊನೆಯ ಕೋಣೆ ಮೀನದ್ದೇ, ಮೇಷದ ಮೊದಲ ಕೋಣೆ ಮೇಷದ್ದೇ. ಆಚೆ ಇದ್ದರೂ ವರ್ಗೋತ್ತಮ, ಈಚೆ ಇದ್ದರೂ ವರ್ಗೋತ್ತಮ. ಮಾವ ಇದನ್ನು ಕಂಡು ತೊಡೆ ತಟ್ಟಿದ. ಹೇಗೆ ನೋಡಿದರೂ ವರ್ಗೋತ್ತಮ, ಹೇಗೆ ನೋಡಿದರೂ ಬಲ, ಮನುಷ್ಯ ಬದುಕಿದ್ದಾನೆ ಎಂದ.

ಭಟ್ಟರು ಅವನ ಹೆಗಲಾಚೆ ನೋಡುತ್ತ ನಿಧಾನವಾಗಿ ಬಿಡಿಸಿದರು. ಮೀನವಾದರೆ ಶನಿ ಏಳನೆಯ ಮನೆಯಲ್ಲಿ. ಅಲ್ಲಿ ಅವನಿಗೆ ದಿಗ್ಬಲ, ಎದುರಿನಿಂದ ಗುರುವಿನ ದೃಷ್ಟಿ. ಹೆಂಡತಿಯಿಂದ ದೂರ ಇಟ್ಟಾನು, ಕೊಲ್ಲುವುದಿಲ್ಲ. ಹತ್ತಿರ ಹತ್ತಿರ ಹನ್ನೆರಡು ವರ್ಷ ಕೊಡುತ್ತಾನೆ, ವರ್ಗೋತ್ತಮದಿಂದ ಅದು ಇಪ್ಪತ್ನಾಲ್ಕಕ್ಕೆ ಸ್ವಲ್ಪ ಕಡಿಮೆ. ಮೇಷವಾದರೆ ಶನಿ ಎಂಟರಲ್ಲಿ, ನೀಚ. ಎಂಟರ ಶನಿ ಆಯುಷ್ಯಕ್ಕೆ ಒಳ್ಳೆಯವನೆಂದು ಹೇಳುವುದುಂಟು, ಆದರೆ ಇವನು ರಾಶಿಯಲ್ಲೂ ನೀಚ, ನವಾಂಶದಲ್ಲೂ ನೀಚ. ಗುರುವಿನ ದೃಷ್ಟಿಯೂ ಅಲ್ಲಿಗೆ ತಲುಪುವುದಿಲ್ಲ. ಮೇಷದಲ್ಲಿ ಉಚ್ಚನಾಗುವ ರವಿ ಏಳನೆಯ ಕೇಂದ್ರದಲ್ಲಿದ್ದಾನಲ್ಲ, ನೀಚಭಂಗವಾಯಿತಲ್ಲ ಎಂದು ಮಾವ ಅಡ್ಡ ಬಂದ. ಅದರಿಂದ ಮರ್ಯಾದೆ ಸಿಕ್ಕೀತು, ದಿನ ಸಿಗುವುದಿಲ್ಲ ಎಂದರು ಭಟ್ಟರು. ನೀಚಗ್ರಹ ಕೊಟ್ಟ ವರ್ಷದಲ್ಲಿ ಕಳೆಯುವ ಲೆಕ್ಕಗಳ ಬಗ್ಗೆ ಗ್ರಂಥಗಳಲ್ಲೇ ಜಗಳವಿದೆಯೆಂದು ಅವನ್ನು ಬದಿಗಿಟ್ಟರು.

"ವರ್ಗೋತ್ತಮ ಹೇಳಿದ್ರೆ ಒಳ್ಳೇದು ಹೇಳಿ ಅಲ್ಲ ಮಾಸ್ತರ್ರೇ. ಎಂತ ಇದ್ದೋ ಅದನ್ನ ಗಟ್ಟಿ ಮಾಡ್ತು, ಅಷ್ಟೇ," ಎಂದರು. "ಹತ್ತು ಕಲೆಗೆ ಹದಿನೆಂಟು ದಿನ. ಎರಡು ಪಟ್ಟು ಮಾಡಿದ್ರೆ ಮೂವತ್ತಾರು ದಿನ. ಇಲ್ಲದ್ದನ್ನ ಎಷ್ಟು ಪಟ್ಟು ಮಾಡಿದ್ರೂ ಎಂತ ಬತ್ತು?"

ಮಾವ ಬಿಡಲಿಲ್ಲ. ಸ್ವಕ್ಷೇತ್ರದ ಫಲ ಎಂದು ಶಾಸ್ತ್ರವೇ ಹೇಳುತ್ತದಲ್ಲ ಎಂದ. ಭಟ್ಟರು ಇನ್ನೊಂದು ಎಳೆ ಬಿಚ್ಚಿದರು. ರಾಶಿಯ ನಡುವಿನಲ್ಲಿದ್ದ ಗ್ರಹ ಯುವಕ, ಅಂಚಿಗೆ ಹೋದದ್ದು ಒಂದೋ ಹಸುಗೂಸು ಇಲ್ಲವೇ ಸತ್ತದ್ದು. ವೃಷಭ, ಸಿಂಹಗಳ ನಡುಕೋಣೆಯ ವರ್ಗೋತ್ತಮ ಒಂದೇ ಪೂರ್ಣ ಯೌವನದ್ದು. ಉಳಿದವು ಎಲ್ಲ ಅಂಚಿನವು. ಮೇಷದ ಮೊದಲಿಗಿದ್ದರೂ ಶನಿ ಹಸುಗೂಸು, ಸಮರಾಶಿಗಳಲ್ಲಿ ಎಣಿಕೆ ಹಿಂದುಮುಂದಾಗುವುದರಿಂದ ಮೀನದ ಕೊನೆಗಿದ್ದರೂ ಹಸುಗೂಸು. ಬಾಗಿಲಲ್ಲಿ ಕೂತ ಕೂಸಿನಿಂದ ಎಷ್ಟು ಕೆಲಸ ಮಾಡಿಸುತ್ತೀರಿ ಎಂದು ಕೇಳಿದರು. ಮಾವನ ಜಾತಕದ ಬುಧ ಮಿಥುನದ ಕೊನೆಯ ಕೋಣೆಯ ವರ್ಗೋತ್ತಮ, ಅದರ ಹೆಮ್ಮೆಯಲ್ಲೇ ಅವನು ಅಷ್ಟು ವರ್ಷ ಕಳೆದಿದ್ದ. ಮಿಥುನದ ಕೊನೆಯಲ್ಲಿ ಗ್ರಹ ಯಾವ ಸ್ಥಿತಿಯಲ್ಲಿರುತ್ತದೆ ಎಂದು ನಾನು ಬಾಗಿಲ ಹಿಂದಿನಿಂದ ಕೇಳಿಬಿಟ್ಟೆ. ಸತ್ತದ್ದು ಎಂದರು ಭಟ್ಟರು. ಮಾವ ಕೊಡೆಯನ್ನು ಹುಡುಕಲು ಎದ್ದ.

ತೀರ್ಮಾನ ಅಜ್ಜನದು. ಅಜ್ಜ ಹಳೆಯ ಪಂಚಾಂಗವನ್ನೇ ಹಿಡಿದ. ಅವನಿಗೆ ಗ್ರಹಕ್ಕಿಂತ ಕಂಬದ ಬುಡದ ಒದ್ದೆಯ ಮೇಲೆ ಹೆಚ್ಚು ನಂಬಿಕೆ ಎಂದು ನನಗೆ ಈಗ ಅನಿಸುತ್ತದೆ. ಮುಂದಿನ ಅಮಾವಾಸ್ಯೆಗೆ ದಹನ ಎಂದಾಯಿತು, ಹತ್ತನೆಯ ದಿನಕ್ಕೆ ಕ್ಷೌರಿಕನಿಗೂ ಹೇಳಿಯಾಯಿತು. ಭಟ್ಟರು ಏಳುವಾಗ ಗಂಗೆ ಚಿಕ್ಕಮ್ಮ ಬಾಗಿಲ ಹಿಂದಿನಿಂದಲೇ ಮಾತಾಡಿದಳು. ಅವಳು ಗಂಡಸರ ನಡುವೆ ಬಾಯಿ ತೆರೆದದ್ದನ್ನು ನಾನು ಅದೇ ಮೊದಲು ಕಂಡದ್ದು.

"ಭಟ್ರೇ, ಆ ಮೂವತ್ತಾರು ದಿನ ಮುಗದ್ದಿಲ್ಲೆ ಅಲ್ದಾ?"

ಭಟ್ಟರು ಮೊದಲ ಬಾರಿಗೆ ಹೆಗಲಾಚೆ ನೋಡುವುದನ್ನು ಬಿಟ್ಟು ಬಾಗಿಲ ಕಡೆ ನೋಡಿದರು. ಮಚವೆ ಒಡೆದ ದಿನದಿಂದ ಬೆರಳು ಮಡಚಿ ಎಣಿಸಿದರು. "ಇಲ್ಲೆ ತಂಗಿ," ಎಂದರು. "ಮುಗದ್ದಿಲ್ಲೆ."

ಅವರು ಅಜ್ಜನಿಗೆ ಏನೋ ಹೇಳಲು ಬಾಯಿ ತೆರೆದರು. ಅಜ್ಜ ಆಗಲೇ ಒಳಗೆ ಹೋಗಿದ್ದ.

ಚಿಕ್ಕಪ್ಪ ಬಂದದ್ದು ಅಮಾವಾಸ್ಯೆಗೆ ಮುಂಚೆ, ಮಧ್ಯಾಹ್ನ, ಇಳಿತದ ಹೊತ್ತಿಗೆ. ಮುತ್ತುಗದ ಎಲೆಯ ಕಟ್ಟು ಆಗಲೇ ಹಿಂಜಗಲಿಯಲ್ಲಿತ್ತು. ಮಾವಿನಕುರ್ವೆಯ ಮೀನುಗಾರರಿಬ್ಬರು ಅವನನ್ನು ದೋಣಿಯಲ್ಲಿ ತಂದರು. ಹೊಳೆಯ ಬಾಯಲ್ಲಿ ನೀರು ಇಳಿದಾಗ ಮರಳದಿಬ್ಬ ಏಳುತ್ತದೆ, ಅದರ ಮೇಲೆ ಒಬ್ಬನೇ ಕೂತಿದ್ದನಂತೆ. ಯಾವುದೋ ಮಚವೆಯವರು ಎತ್ತಿಕೊಂಡು ಬಂದು ಅಲ್ಲಿ ಇಳಿಸಿರಬೇಕು ಎಂದು ಅವರೇ ಹೇಳಿದರು. ಆ ದಿನ ಯಾವ ಮಚವೆಯೂ ಒಳಗೆ ಬಂದದ್ದನ್ನು ತಾವು ಕಂಡಿಲ್ಲ ಎಂದೂ ಅವರೇ ಹೇಳಿದರು. ಅವನು ನಡೆದುಕೊಂಡೇ ಜಗಲಿ ಹತ್ತಿ ಕಂಬದ ಬುಡದಲ್ಲಿ ತನ್ನ ಜಾಗದಲ್ಲಿ ಕೂತ. ಆ ದಿನ ನಾನು ನೋಡಿದ್ದೆ, ಅಲ್ಲಿ ಒದ್ದೆಯ ಗುರುತು ಇರಲಿಲ್ಲ. ಅವನು ಕೂತ ಮೇಲೆ ಆಯಿತು.

ಅಜ್ಜ ಮಗನನ್ನು ತಬ್ಬಿ ಅತ್ತ. ನಾವೆಲ್ಲ ಅತ್ತೆವು. ನನಗೆ ಸಂತೋಷವಾಗಿತ್ತು, ಅಷ್ಟೇ ಭಯವೂ ಆಗಿತ್ತು, ಅದನ್ನು ಈಗ ಹೇಳಲು ನನಗೆ ನಾಚಿಕೆಯಿಲ್ಲ. ಅವನ ಬೆರಳ ತುದಿಗಳು ಬಹಳ ಹೊತ್ತು ನೀರಿನಲ್ಲಿ ಇದ್ದವರ ಹಾಗೆ ಸುಕ್ಕಾಗಿದ್ದವು. ದಿನ ಕಳೆದರೂ ಆ ಸುಕ್ಕು ಹೋಗಲಿಲ್ಲ. ಎರಡು ಕಂಬಳಿ ಹೊದೆಸಿದರೂ ಮೈ ಬಿಸಿಯಾಗುತ್ತಿರಲಿಲ್ಲ. ಗಂಜಿಗೆ ಉಪ್ಪು ಸಾಲದೆಂದು ಮತ್ತೆ ಮತ್ತೆ ಹಾಕಿಸಿಕೊಳ್ಳುತ್ತಿದ್ದ. ಅವನ ಮಡಿಲಲ್ಲೇ ಬೆಳೆದ ನಮ್ಮ ಬೆಕ್ಕು ದೂರದಲ್ಲಿ ಕೂತು ಅವನನ್ನು ನೋಡುತ್ತಿತ್ತು, ಹತ್ತಿರ ಬರುತ್ತಿರಲಿಲ್ಲ. ಏನಾಯಿತು, ಎಲ್ಲಿದ್ದೆ ಎಂದು ಕೇಳಿದರೆ ನೆನಪು ಮಾಡಿಕೊಳ್ಳುವವನಂತೆ ಹೊಳೆಯ ಕಡೆ ನೋಡುತ್ತಿದ್ದ. ಮೊದಲು ಮುಖದಲ್ಲೇ ಎಲ್ಲ ಕಾಣುತ್ತಿದ್ದ ಮನುಷ್ಯನ ಮುಖದಲ್ಲಿ ಈಗ ಏನೂ ಕಾಣುತ್ತಿರಲಿಲ್ಲ. ಭಟ್ಕಳದ ಹಕೀಮರನ್ನು ಕರೆಸಿದರು. ಅವರು ನಾಡಿ ಹಿಡಿದು ಬಹಳ ಹೊತ್ತು ಕೂತರು. ಪುಪ್ಪುಸದಲ್ಲಿ ನೀರು ನಿಂತಿದೆ ಎಂದು ಹೇಳಿ ಕಷಾಯ ಕೊಟ್ಟು, ಹಣ ತೆಗೆದುಕೊಳ್ಳದೆ ಹೋದರು.

ಮಾವ ಮಾತ್ರ ಕುಮಟೆಯಿಂದ ಗೆದ್ದವನ ಹಾಗೆ ಬಂದ. ಮೀನವೇ ಸರಿ, ಪುಣೆಯೇ ಸರಿ, ಇನ್ನು ಇಪ್ಪತ್ತಮೂರು ವರ್ಷ ಚಿಂತೆಯಿಲ್ಲ ಎಂದು ಎಲ್ಲರಿಗೂ ಹೇಳಿದ. ಗಂಗೆ ಚಿಕ್ಕಮ್ಮ ಅವನಿಗೆ ಕಾಫಿ ಕೊಟ್ಟಳು. ಅವಳು ಹಗಲೆಲ್ಲ ಗಂಡನ ಹತ್ತಿರ ಕೂತು ಅವನ ಕೈಯನ್ನು ತನ್ನ ಎರಡು ಕೈಗಳಲ್ಲಿ ಹಿಡಿದುಕೊಂಡಿರುತ್ತಿದ್ದಳು. ಆ ತಣ್ಣನೆಯ ಕೈಯನ್ನು ಅಷ್ಟು ಹೊತ್ತು ಹೇಗೆ ಹಿಡಿಯುತ್ತಾಳೆ ಎಂದು ನನಗೆ ಆಶ್ಚರ್ಯ. ನಾನೊಮ್ಮೆ ಮುಟ್ಟಿ ಓಡಿಹೋಗಿದ್ದೆ.

ಮುತ್ತುಗದ ಎಲೆಯನ್ನೂ ಕ್ಷೌರಿಕನ ವಿಷಯವನ್ನೂ ಅವನಿಗೆ ಹೇಳಬಾರದೆಂದು ಅಜ್ಜ ಮನೆಯವರಿಗೆಲ್ಲ ತಾಕೀತು ಮಾಡಿದ್ದ. ಯಾರೂ ಹೇಳಿರಲಿಲ್ಲ. ಎಲೆಯ ಕಟ್ಟನ್ನು ಅವನು ಬಂದ ಗಳಿಗೆಯಲ್ಲೇ ಆಯಿ ಬಚ್ಚಲ ಒಲೆಗೆ ಹಾಕಿದ್ದಳು. ಒಂದು ದಿನ ಬೆಳಿಗ್ಗೆ ಕ್ಷೌರಿಕ ಅಜ್ಜನ ಗಡ್ಡ ಮಾಡಲು ಬಂದ. ಅಂಗಳದಲ್ಲಿ ಕೂತು ಕತ್ತಿ ಮಸೆಯುತ್ತಿದ್ದ. ಶಿರಾಲಿಯ ಭಟ್ಟರೂ ಕ್ಷೇಮ ವಿಚಾರಿಸಲು ಬಂದು ಜಗಲಿಯಲ್ಲಿದ್ದರು. ಕತ್ತಿಯ ಸದ್ದಿಗೆ ಚಿಕ್ಕಪ್ಪ ತಲೆಯೆತ್ತಿದ. ಬಂದ ಮೇಲೆ ಅವನು ಪೂರ್ತಿಯಾಗಿ ಆಡಿದ ಮಾತು ಅದೊಂದೇ.

"ಅಪ್ಪಯ್ಯ, ಹತ್ತನೇ ದಿನಕ್ಕೆ ಇವನ್ನ ಕರಸಲಾಗ. ಗಂಗೆ ತಲೆಗೆ ಕತ್ತಿ ಮುಟ್ಸಲಾಗ. ಭಟ್ರ ಎದುರಿಗೆ ಹೇಳು, ಆತು ಹೇಳಿ."

ಕ್ಷೌರಿಕನ ಕೈ ನಿಂತಿತು. ಅಜ್ಜ ನನ್ನ ಕಡೆ ನೋಡಿದ, ಆಯಿಯ ಕಡೆ ನೋಡಿದ. ನಾವಿಬ್ಬರೂ ತಲೆಯಾಡಿಸಿದೆವು, ನಾವು ಹೇಳಿರಲಿಲ್ಲ. ನಾನು ಚಿಕ್ಕಪ್ಪನ ಮುಖ ನೋಡಿದೆ. ಅಷ್ಟು ದಿನಗಳಲ್ಲಿ ಆ ಒಂದು ಗಳಿಗೆ ಅವನ ಮುಖದಲ್ಲಿ ಮೊದಲಿನಂತೆ ಎಲ್ಲ ಕಾಣುತ್ತಿತ್ತು. ಮುಟ್ಟಿಸಬಾರದು ಎಂದು ಮನುಷ್ಯ ಕೇಳಿಕೊಳ್ಳುತ್ತಿದ್ದ.

ಅಜ್ಜ ಹಟಮಾರಿ, ಕೇರಿಗೆ ಹೆದರುವವನು, ಮಡಿಯ ವಿಷಯದಲ್ಲಿ ಕಡ್ಡಿ ಮುರಿದಂತೆ ಮಾತಾಡುವವನು. ಅಂಥವನು ಭಟ್ಟರ ಎದುರಿಗೆ, "ಆತು," ಎಂದ. ಚಿಕ್ಕಪ್ಪ ಗೋಡೆಗೆ ಒರಗಿ ಕಣ್ಣು ಮುಚ್ಚಿದ. ಮತ್ತೆ ಅವನು ಏನೂ ಕೇಳಲಿಲ್ಲ, ಗಂಜಿಗೆ ಉಪ್ಪನ್ನೂ ಕೇಳಲಿಲ್ಲ.

ಅವನು ತೀರಿಕೊಂಡದ್ದು ಆಮೇಲೆ ಕೆಲವೇ ದಿನಕ್ಕೆ, ಬೆಳಗಾಗುವ ಹೊತ್ತಿಗೆ, ಗಂಗೆ ಚಿಕ್ಕಮ್ಮ ಕೈ ಹಿಡಿದುಕೊಂಡಿದ್ದಾಗಲೇ. ಮಚವೆ ಒಡೆದ ದಿನದಿಂದ ಮೂವತ್ತಾರನೆಯ ದಿನ. ಅವನು ಜಗಲಿ ಹತ್ತಿ ಬಂದದ್ದು ಹದಿನೆಂಟು ಕಳೆದ ಮೇಲೆ. ಭಟ್ಟರು ಹೀಗೆ ಲೆಕ್ಕ ಹೇಳಿದರು. ಮಾವ ಇದನ್ನು ಕೊನೆಯವರೆಗೂ ಒಪ್ಪಲಿಲ್ಲ. ಮಚವೆ ಒಡೆದ ದಿನವೇ ಯಾರಿಗೂ ಸರಿಯಾಗಿ ಗೊತ್ತಿಲ್ಲ, ತನ್ನ ಲೆಕ್ಕಕ್ಕೆ ಮೂವತ್ತನಾಲ್ಕು ಬರುತ್ತದೆ, ಪುಪ್ಪುಸದಲ್ಲಿ ನೀರು ನಿಂತವನು ಅಷ್ಟು ದಿನ ಬದುಕಿದ್ದೇ ಹೆಚ್ಚು ಎನ್ನುತ್ತಿದ್ದ. ಅವನ ಮಾತಿನಲ್ಲಿ ತಪ್ಪಿದೆ ಎಂದು ನಾನು ಹೇಳಲಾರೆ. ಆದರೆ ಆ ಮೇಲೆ ಅವನು ಪಂಚಾಂಗವನ್ನು ಕಂಕುಳಲ್ಲಿ ಇಟ್ಟುಕೊಂಡು ಬರುವುದನ್ನು ಬಿಟ್ಟ. ಯಾರಾದರೂ ವರ್ಗೋತ್ತಮ ಎಂದರೆ, ಎಲ್ಲಿ, ಯಾವ ಅಂಶದಲ್ಲಿ, ಎಷ್ಟು ಕಲೆ ಎಂದು ಮೊದಲು ಕೇಳುತ್ತಿದ್ದ.

ಹತ್ತನೆಯ ದಿನ ಕೇರಿಯ ಹಿರಿಯರು ನಾಲ್ವರು ಬಂದು ಜಗಲಿಯಲ್ಲಿ ಕೂತರು. ತಲೆಗೂದಲು ತೆಗೆಸದೆ ಕರ್ಮ ಪೂರ್ತಿಯಾಗುವುದಿಲ್ಲ, ಹಾಗಾದರೆ ನಾವು ಊಟಕ್ಕೆ ಬರುವುದಿಲ್ಲ ಎಂದರು. ಅಜ್ಜ ಎದ್ದು ನಿಂತು, ಸತ್ತವನಿಗೆ ಮಾತು ಕೊಟ್ಟಿದ್ದೇನೆ ಎಂದಷ್ಟೇ ಹೇಳಿದ. ಕೊಟ್ಟಾಗ ಅವನು ಬದುಕಿದ್ದನಲ್ಲ ಎಂದು ಒಬ್ಬರು ತಿದ್ದಿದರು. ಅಜ್ಜ ಕಂಬದ ಬುಡದ ಕಡೆ ನೋಡಿದ. ಅವರು ಊಟಕ್ಕೆ ಬರಲಿಲ್ಲ. ನಮ್ಮ ಪುರೋಹಿತರೂ ಬರಲಿಲ್ಲ. ಶಿರಾಲಿಯ ಭಟ್ಟರು ಹೊಳೆ ದಾಟಿ ಬಂದು ಉಳಿದ ಕರ್ಮವನ್ನೆಲ್ಲ ತಾವೇ ಮಾಡಿಸಿದರು. ಆ ವರ್ಷವಿಡೀ ನಮ್ಮ ಮನೆಗೆ ಯಾರೂ ಅರಿಶಿನ ಕುಂಕುಮಕ್ಕೆ ಕರೆಯಲಿಲ್ಲ, ನನ್ನ ಮದುವೆಯೂ ಆ ಕಾರಣಕ್ಕೆ ಎರಡು ವರ್ಷ ತಡವಾಯಿತು. ನನ್ನ ವರ್ಗೋತ್ತಮ ಶುಕ್ರ ಆಗ ಏನು ಮಾಡುತ್ತಿದ್ದನೋ ತಿಳಿಯದು.

ಮದುವೆಯಾಗಿ ಹೋಗುವ ಮುಂಚಿನ ದಿನ ಗಂಗೆ ಚಿಕ್ಕಮ್ಮನ ತಲೆಗೆ ನಾನು ಎಣ್ಣೆ ಹಚ್ಚುತ್ತಿದ್ದೆ. ಬೆನ್ನ ಹಿಂದೆ ಕೂತಿದ್ದ ಧೈರ್ಯದಿಂದ ಕೇಳಿಬಿಟ್ಟೆ. ಭಟ್ಟರ ಲೆಕ್ಕವನ್ನು ನೀನು ನಂಬುತ್ತೀಯಾ? ಅವನು ಬಂದ ಮೇಲಿನ ಆ ಹದಿನೆಂಟು ದಿನ ನಿಜವಾಗಿ ವರ್ಗೋತ್ತಮ ಕೊಟ್ಟದ್ದೇ? ಅಷ್ಟು ಕಡಿಮೆ ಕೊಡಲು ಅಷ್ಟು ದೊಡ್ಡ ಹೆಸರು ಯಾಕೆ?

ಅವಳು ತನ್ನ ಕೂದಲಿನ ತುದಿಯನ್ನು ಕೈಗೆ ತೆಗೆದುಕೊಂಡು ನೋಡುತ್ತ ಕೂತಳು.

"ಶನಿ ಎಲ್ಲಿದ್ದಿದ್ನೋ ನಂಗೆ ಗೊತ್ತಿಲ್ಲೆ ಕೂಸೆ," ಎಂದಳು. "ಅಂವ ಬಂದ ದಿನ ಕೈ ಹಿಡದಾಗ್ಲೇ ಗೊತ್ತಾತು, ಬದುಕಲೆ ಬಂದದ್ದಲ್ಲ ಹೇಳಿ. ಅಪ್ಪಯ್ಯನ ಹತ್ರ ಅದೊಂದು ಮಾತು ಹೇಳಲೆ ಬಂದದ್ದು. ಅಷ್ಟು ದಿನ ಇಲ್ಲದ್ದೇ ಹೋಗಿದ್ರೆ, ನೀನು ಇವತ್ತು ಎಂತಕ್ಕೆ ಎಣ್ಣೆ ಹಚ್ತಿದ್ದೆ?"